ನೌಕರಿ ಒಂದು, ಸಣ್ಣ ಸಂಪಾದನೆ ಎರಡು: ವಾರದ ವೇಳಾಪಟ್ಟಿ ಹಾಕುವ ಬಗೆ

ಒಂದು ಬುಧವಾರ ರಾತ್ರಿ ಹತ್ತೂಮುಕ್ಕಾಲಿಗೆ ಅನುವಾದದ ಫೈಲ್ ಕಳಿಸಿ ಮಲಗಿದೆ. ಮರುದಿನ ಬೆಳಿಗ್ಗೆ ಗಿರಾಕಿಯಿಂದ ಮೆಸೇಜ್ ಬಂತು: "ಮೂರನೇ ಪುಟದಲ್ಲಿ ಒಂದು ಪ್ಯಾರಾ ಕಾಣ್ತಾ ಇಲ್ವಲ್ಲ?" ಫೈಲ್ ತೆರೆದು ನೋಡಿದೆ. ನಿಜವೇ, ಆ ಪ್ಯಾರಾ ಇರಲಿಲ್ಲ. ಅದರ ಮೇಲಿನ ಪ್ಯಾರಾ ಮಾತ್ರ ಎರಡು ಸಲ ಇತ್ತು, ಎರಡೂ ಸಲ ಬೇರೆ ಬೇರೆ ಮಾತುಗಳಲ್ಲಿ. ಅಂದರೆ ಒಂದೇ ಪ್ಯಾರಾವನ್ನು ಎರಡು ಸಲ ಅನುವಾದ ಮಾಡಿದ್ದೆ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಆಗ ನನಗೆ ಹಗಲು ಆಫೀಸು. ಜೊತೆಗೆ ನಾಲ್ಕು ಮಕ್ಕಳಿಗೆ ವಾರಕ್ಕೊಂದು ಗಂಟೆ ಬೇರೆ ಬೇರೆಯಾಗಿ ಆನ್‌ಲೈನ್ ಪಾಠ. ಇನ್ನೊಂದು ಕಡೆ ವಾರಕ್ಕೆ 3000 ಪದಗಳ ಅನುವಾದ. ವೇಳಾಪಟ್ಟಿ ಇರಲಿಲ್ಲವೇ ಅಂದರೆ, ಇತ್ತು. ಚೆನ್ನಾಗಿ ಗೆರೆ ಎಳೆದು ಗೋಡೆಗೆ ಅಂಟಿಸಿದ್ದೆ. ಆದರೆ ಅದರಲ್ಲಿ ದುಡ್ಡು ಬರುವ ಗಂಟೆಗಳು ಮಾತ್ರ ಇದ್ದವು. ಆ ಗಂಟೆಗಳ ಹಿಂದೆ ಮುಂದೆ ಅಂಟಿಕೊಂಡು ಬರುವ ಕೆಲಸಕ್ಕೆ ಜಾಗವೇ ಇರಲಿಲ್ಲ. ಆ ಕೆಲಸವೆಲ್ಲ ನಿದ್ದೆಯೊಳಗೆ ನುಗ್ಗಿತ್ತು.

ಆಮೇಲೆ ಪಟ್ಟಿಯನ್ನು ಮೊದಲಿಂದ ಮತ್ತೆ ಹಾಕಿದೆ. ಹೇಗೆ ಹಾಕಿದೆ ಅನ್ನೋದನ್ನು ನನ್ನದೇ ಲೆಕ್ಕ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮ ಎರಡು ಕೆಲಸ ಬೇರೆ ಇರಬಹುದು, ಅಂಕಿಗಳು ಬೇರೆ ಬರುತ್ತವೆ. ಆದರೆ ಹೆಜ್ಜೆಗಳು ಇವೇ.

ಮೊದಲ ವಾರ ಏನೂ ಬದಲಿಸಬೇಡಿ, ಸುಮ್ನೆ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ಮೂರು ಸಲ, ಅಂದರೆ ಮಧ್ಯಾಹ್ನ, ಸಂಜೆ ಮತ್ತು ಮಲಗುವ ಮುಂಚೆ, ಹಿಂದಿನ ಹೊತ್ತು ಎಲ್ಲಿ ಹೋಯಿತು ಅಂತ ಬರೆಯಿರಿ. ಅರ್ಧ ಗಂಟೆಯ ಅಂದಾಜು ಸಾಕು. ನಿಮಿಷ ನಿಮಿಷ ಬರೆಯಲು ಹೊರಟರೆ ಮೂರನೇ ದಿನಕ್ಕೆ ನೋಟ್‌ಬುಕ್ ಮೂಲೆ ಸೇರುತ್ತದೆ.

ಪ್ರತಿ ಸಲ ಪಕ್ಕದಲ್ಲಿ ಒಂದು ಅಂಕಿಯನ್ನೂ ಹಾಕಿ. ತಲೆ ಚುರುಕಾಗಿದ್ದರೆ 3, ಪರವಾಗಿಲ್ಲ ಅನಿಸಿದರೆ 2, ಓದಿದ್ದು ತಲೆಗೆ ಹತ್ತದಿದ್ದರೆ 1. ಇದು ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ. ಯಾವ ಹೊತ್ತು ಖಾಲಿ ಇದೆ ಅನ್ನೋದರ ಜೊತೆಗೆ ಆ ಹೊತ್ತಿನಲ್ಲಿ ನೀವು ಯಾವ ಕೆಲಸಕ್ಕೆ ಆಗುತ್ತೀರಿ ಅನ್ನೋದೂ ಗೊತ್ತಾಗಬೇಕಲ್ವಾ? ನನ್ನ ನೋಟ್‌ಬುಕ್‌ನಲ್ಲಿ ಆಫೀಸಿನಿಂದ ಬಂದ ಮೇಲೆ ಒಬ್ಬನೇ ಕೂತು ಬರೆಯುವಾಗ ಬರೀ 1 ಬಿದ್ದಿತ್ತು. ಅದೇ ಹೊತ್ತಿನಲ್ಲಿ ಮಕ್ಕಳಿಗೆ ಪಾಠ ಮಾಡುವಾಗ 2 ಇತ್ತು. ಎದುರಿಗೆ ಒಬ್ಬರಿದ್ದು ಮಾತಾಡುತ್ತಿದ್ದರೆ ಎಚ್ಚರ ತಾನಾಗಿ ಇರುತ್ತದೆ. ಬೆಳಿಗ್ಗೆ ಆರರಿಂದ ಏಳೂವರೆ ತನಕ ಮಾತ್ರ 3.

ಈ ವಾರ ಹಬ್ಬ, ಪ್ರಯಾಣ ಏನೂ ಇಲ್ಲದ ಮಾಮೂಲಿ ವಾರ ಆಗಿರಲಿ.

168ರಿಂದ ಕಳೆಯುತ್ತಾ ಬನ್ನಿ

ವಾರಕ್ಕೆ 168 ಗಂಟೆ. ಮೊದಲು ನಿದ್ದೆಯನ್ನು ಕಳೆಯಿರಿ, ಆಮೇಲೆ ಮಿಕ್ಕಿದ್ದು. ಈ ಕ್ರಮವನ್ನು ತಿರುಗಿಸಬೇಡಿ. ನಿದ್ದೆಯನ್ನು ಕೊನೆಗೆ ಇಟ್ಟರೆ ಅದಕ್ಕೆ ಸಿಗೋದು ಉಳಿದ ಚೂರು ಮಾತ್ರ. ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಅನ್ನುವುದು ನಿದ್ದೆಯ ತಜ್ಞರ ಸಲಹೆ. ನನಗೆ ಏಳೂವರೆ ಬೇಕು.

ನನ್ನ ಲೆಕ್ಕ ಹೀಗೆ ಬಂತು. ನಿದ್ದೆ 52.5 ಗಂಟೆ. ಆಫೀಸು ಒಂಬತ್ತೂವರೆಯಿಂದ ಆರು, ವಾರಕ್ಕೆ ಐದು ದಿನ, ಊಟದ ಅರ್ಧ ಗಂಟೆ ಸೇರಿ 42.5. ಹೋಗಿ ಬರೋದಕ್ಕೆ 7.5. ಸ್ನಾನ, ಅಡುಗೆ, ಊಟ, ಮನೆಗೆಲಸಕ್ಕೆ ದಿನಕ್ಕೆ ಮೂರೂವರೆಯಂತೆ 24.5. ವಾರದ ಕೊನೆಯ ಸಾಮಾನು, ಬಟ್ಟೆ, ಹೊರಗಿನ ಓಡಾಟ 6. ಒಟ್ಟು 133. ಉಳಿದದ್ದು 35.

35 ಅಂತ ನೋಡಿದ ತಕ್ಷಣ ಅಷ್ಟನ್ನೂ ದುಡಿಮೆಗೆ ಹಾಕೋಣ ಅನಿಸುತ್ತದೆ. ಮನೆಯವರ ಜೊತೆ ಕೂರುವುದು, ನಡೆಯಲು ಹೋಗುವುದು, ಜ್ವರ ಬಂದರೆ ಮಲಗುವುದು, ಸುಮ್ನೆ ಇರುವುದು ಎಲ್ಲವೂ ಈ 35ರೊಳಗೇ ಆಗಬೇಕು. ಹಾಗಾದರೆ ದುಡಿಮೆಗೆ ಎಷ್ಟು?

ನಾನು ಇಲ್ಲಿ ಹೊರಗಿನ ಒಂದು ಗೆರೆ ಇಟ್ಟುಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜೊತೆಯಾಗಿ ಒಂದು ಅಂದಾಜು ಹೊರಡಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಸುಮಾರು ಶೇ. 17ರಷ್ಟು ಜಾಸ್ತಿ ಅಂತ ಅದರಲ್ಲಿದೆ. 54ಕ್ಕೆ ಏನೂ ಆಗೋಲ್ಲ, 55ಕ್ಕೆ ಆಗುತ್ತದೆ ಅಂತ ಇದರ ಅರ್ಥವಲ್ಲ. ಆದರೆ ಎಲ್ಲಾದರೂ ಒಂದು ಕಡೆ ನಿಲ್ಲಬೇಕಲ್ಲ. ಊಟದ ಬಿಡುವು ಬಿಟ್ಟರೆ ನನ್ನ ಆಫೀಸಿನ ದುಡಿಮೆ 40 ಗಂಟೆ. 14 ಸೇರಿಸಿದರೆ 54. ಹಾಗಾಗಿ ಎರಡು ಸಣ್ಣ ಕೆಲಸಕ್ಕೂ ಸೇರಿ ನನ್ನ ಮಿತಿ 14 ಗಂಟೆ. ನಿಮ್ಮ ನೌಕರಿಯೇ 48 ಗಂಟೆಯದಾಗಿದ್ದರೆ ಉಳಿಯುವುದು 6. ಅಷ್ಟರಲ್ಲಿ ಎರಡು ಕೆಲಸ ಹಿಡಿಸುವುದಿಲ್ಲ, ಒಂದನ್ನೇ ಇಟ್ಟುಕೊಳ್ಳಿ ಅನ್ನೋದು ನನ್ನ ಮಾತು.

ಮುಂದೆ ಹೋಗುವ ಮುಂಚೆ ಇನ್ನೊಂದು. ನಿಮ್ಮ ನೇಮಕಾತಿ ಪತ್ರವನ್ನು ಒಮ್ಮೆ ಓದಿ. ಹೊರಗೆ ದುಡಿಯಲು ಲಿಖಿತ ಅನುಮತಿ ಬೇಕು ಅಂತ ಇದ್ದರೆ ಅದನ್ನು ಪಡೆದೇ ಪಟ್ಟಿ ಹಾಕಿ. ಆಫೀಸಿನ ಲ್ಯಾಪ್‌ಟಾಪ್, ಆಫೀಸಿನ ಹೊತ್ತು ಎರಡನ್ನೂ ಮುಟ್ಟಬೇಡಿ.

ಪ್ರತಿ ಕೆಲಸದ ಬಾಲವನ್ನೂ ಅಳೆಯಿರಿ

ನನ್ನ ಹಳೇ ಪಟ್ಟಿ ಕುಸಿದದ್ದು ಇಲ್ಲೇ. ನಾಲ್ಕು ಪಾಠ ಅಂದರೆ ನಾಲ್ಕು ಗಂಟೆ ಅಂದುಕೊಂಡಿದ್ದೆ. ನೋಟ್‌ಬುಕ್ ಬೇರೆ ಹೇಳಿತು. ಪ್ರತಿ ಪಾಠಕ್ಕೆ ಮುಂಚೆ 20 ನಿಮಿಷ ತಯಾರಿ. ಆಮೇಲೆ ಮಗು ಕಳಿಸಿದ ಲೆಕ್ಕ ತಿದ್ದಲು 15 ನಿಮಿಷ. ಅಪ್ಪ ಅಮ್ಮಂದಿರ ಜೊತೆ ಮಾತು, ಫೀಸ್ ನೆನಪಿಸೋದು, ದಿನ ಬದಲಿಸೋದು ಅಂತ ಮತ್ತೆ ಹತ್ತು ನಿಮಿಷ. ಒಂದು ಗಂಟೆಯ ಪಾಠಕ್ಕೆ ಹಿಡಿದದ್ದು 1 ಗಂಟೆ 45 ನಿಮಿಷ. ನಾಲ್ಕಕ್ಕೆ 7 ಗಂಟೆ.

ಅನುವಾದವೂ ಹಾಗೇ. ಗಂಟೆಗೆ ಸುಮಾರು 400 ಪದ ಆಗುತ್ತದೆ. 3000 ಪದಕ್ಕೆ ಏಳೂವರೆ ಗಂಟೆ. ಮತ್ತೆ ಓದಿ ತಿದ್ದಲು ಒಂದೂವರೆ. ಫೈಲ್ ಕಳಿಸೋದು, ಬಿಲ್, ಪ್ರಶ್ನೆಗೆ ಉತ್ತರ ಅಂತ ಒಂದು. ಒಟ್ಟು 10. ಎರಡೂ ಸೇರಿ 17. ನನ್ನ ಮಿತಿ 14.

ಈ ಮೂರು ಗಂಟೆಯನ್ನು ಹೇಗಾದರೂ ತುರುಕಲು ಹೋಗಬೇಡಿ. ಬೇಗ ಬೇಗ ಮಾಡಿ ಮುಗಿಸುತ್ತೇನೆ ಅನ್ನೋದು ಪಟ್ಟಿಯಲ್ಲಿ ಬರೆಯುವ ಮಾತಲ್ಲ. ಕೆಲಸದ ಅಳತೆಯನ್ನೇ ಇಳಿಸಬೇಕು. ನಾನು ಅನುವಾದವನ್ನು ವಾರಕ್ಕೆ 2000 ಪದಕ್ಕೆ ಇಳಿಸಿದೆ. ಅನುವಾದಕ್ಕೆ 5 ಗಂಟೆ, ತಿದ್ದಲು 1, ಓಲೆ ವ್ಯವಹಾರಕ್ಕೆ 1. ಗಮನಿಸಿ, ಪದ ಮೂರನೇ ಒಂದು ಪಾಲು ಕಡಿಮೆಯಾದರೂ ಓಲೆ ವ್ಯವಹಾರ ಕಡಿಮೆಯಾಗಲಿಲ್ಲ. ಗಿರಾಕಿ ಒಬ್ಬರೇ, ಫೈಲ್ ಒಂದೇ. ಹಾಗಾಗಿ ಸಣ್ಣ ಸಣ್ಣ ಗಿರಾಕಿಗಳು ನಾಲ್ಕು ಜನ ಇರುವುದಕ್ಕಿಂತ ಇಬ್ಬರು ಇರುವುದು ಮೇಲು.

ಎರಡು ಕೆಲಸದ ಜೋಡಿಯ ಬಗ್ಗೆಯೂ ಒಂದು ಮಾತು. ಪಾಠ ಗಡಿಯಾರಕ್ಕೆ ಕಟ್ಟಿದ ಕೆಲಸ. ಏಳೂವರೆ ಅಂದರೆ ಏಳೂವರೆಗೇ ಆಗಬೇಕು. ಅನುವಾದ ಗಡುವಿಗೆ ಕಟ್ಟಿದ ಕೆಲಸ. ಬುಧವಾರದೊಳಗೆ ಯಾವಾಗಲಾದರೂ ಆಗಬಹುದು. ಒಂದೊಂದು ಬಗೆಯದು ಒಂದೊಂದು ಇದ್ದರೆ ಪಟ್ಟಿ ಉಸಿರಾಡುತ್ತದೆ. ಎರಡೂ ಗಡಿಯಾರದವಾದರೆ ಆಫೀಸಿನಲ್ಲಿ ಒಂದು ದಿನ ತಡವಾದರೂ ಎಲ್ಲ ಕೆಡುತ್ತದೆ. ಎರಡೂ ಗಡುವಿನವಾದರೆ ಎರಡೂ ಭಾನುವಾರ ರಾತ್ರಿಗೆ ಬಂದು ಕೂರುತ್ತವೆ. ಎರಡನೇ ಕೆಲಸವನ್ನು ಇನ್ನೂ ಹುಡುಕುತ್ತಿರುವವರು ಇದನ್ನು ಮೊದಲು ನೋಡಲಿ.

ಈಗ ವಾರದ ಮೇಲೆ ಹರಡಿ

ಹರಡುವಾಗ ನಾನು ಮೂರು ಕಟ್ಟು ಹಾಕಿಕೊಂಡೆ. ಬೆಳಿಗ್ಗೆ ಸಣ್ಣ ಕೆಲಸ ಮಾಡಿದ ದಿನ ಸಂಜೆ ಮಾಡಬಾರದು. ಒಂದು ಪೂರ್ತಿ ದಿನ ಯಾವ ದುಡಿಮೆಯೂ ಇರಬಾರದು. ಎರಡು ಕೆಲಸದ ಬಿಸಿ ಒಂದೇ ದಿನಕ್ಕೆ ಬರಬಾರದು.

ಪಟ್ಟಿ ಹೀಗೆ ನಿಂತಿತು:

- ಸೋಮವಾರ: ಊಟದ ಬಿಡುವಿನಲ್ಲಿ 20 ನಿಮಿಷ ಮೆಸೇಜ್. ಸಂಜೆ 7:10ಕ್ಕೆ ತಯಾರಿ, 7:30ರಿಂದ 8:30 ಪಾಠ, ಆಮೇಲೆ ಕಾಲು ಗಂಟೆ ತಿದ್ದುವುದು.
- ಮಂಗಳವಾರ: ಬೆಳಿಗ್ಗೆ 6ರಿಂದ 7:30 ಅನುವಾದ. ಸಂಜೆ ಖಾಲಿ.
- ಬುಧವಾರ: ಸಂಜೆ 7:30ರಿಂದ 8:30 ಅನುವಾದ ಓದಿ ತಿದ್ದಿ ಕಳಿಸುವುದು, ನಂತರ ಅರ್ಧ ಗಂಟೆ ಮೆಸೇಜ್ ಮತ್ತು ಬಿಲ್.
- ಗುರುವಾರ: ಬೆಳಿಗ್ಗೆ 6ರಿಂದ 7:30 ಹೊಸ ಫೈಲಿನ ಅನುವಾದ. ಸಂಜೆ ಖಾಲಿ.
- ಶುಕ್ರವಾರ: ಸೋಮವಾರದ ಹಾಗೆಯೇ.
- ಶನಿವಾರ: 7ರಿಂದ 9 ಅನುವಾದ. 9:40ಕ್ಕೆ ತಯಾರಿ, 10:20 ಮತ್ತು 11:30ಕ್ಕೆ ಪಾಠ. ಆಮೇಲೆ ಅರ್ಧ ಗಂಟೆ ತಿದ್ದುವುದು, ಅರ್ಧ ಗಂಟೆ ಮೆಸೇಜ್. ಒಂದೂವರೆಗೆ ಮುಕ್ತಾಯ.
- ಭಾನುವಾರ: ಏನೂ ಇಲ್ಲ.

ಕೂಡಿಸಿ ನೋಡಿದರೆ ಸರಿಯಾಗಿ 14 ಗಂಟೆ.

ಅನುವಾದದ ವಾರ ಗುರುವಾರ ಶುರುವಾಗಿ ಬುಧವಾರ ಮುಗಿಯುವುದನ್ನು ನೋಡಿ. ಇದನ್ನು ಬೇಕೆಂದೇ ಹಾಗೆ ಇಟ್ಟೆ. ಪಾಠದ ಭಾರ ಶನಿವಾರ ಬೀಳುತ್ತದೆ. ಗಡುವು ವಾರದ ಕೊನೆಗೆ ಇದ್ದಿದ್ದರೆ ಎರಡೂ ಒಂದರ ಮೇಲೊಂದು ಬೀಳುತ್ತಿದ್ದವು. ಗಡುವು ಯಾವ ವಾರ ಅಂತ ಚೌಕಾಶಿ ಮಾಡುವುದು ಕಷ್ಟ. ವಾರದ ಯಾವ ದಿನ ಅಂತ ಕೇಳಿದರೆ ಗಿರಾಕಿಗಳು ಸಾಮಾನ್ಯವಾಗಿ ಒಪ್ಪುತ್ತಾರೆ, ನನ್ನವರು ಒಂದೇ ಮಾತಿಗೆ ಒಪ್ಪಿದರು. ಆದರೆ ಬುಧವಾರ ರಾತ್ರಿ ಕಳಿಸುತ್ತೇನೆ ಅಂತ ಮಾತ್ರ ಹೇಳಬೇಡಿ, ಶುಕ್ರವಾರ ಅನ್ನಿ. ಆ ಎರಡು ದಿನ ನಿಮ್ಮದಾಗಿರಲಿ.

ಬರೆಯುವ ಕೆಲಸ ಬೆಳಿಗ್ಗೆಗೆ, ಮಾತಿನ ಕೆಲಸ ಸಂಜೆಗೆ ಬಂದಿರುವುದು ನೋಟ್‌ಬುಕ್‌ನ 3, 2, 1 ನೋಡಿ. ನೀವು ರಾತ್ರಿ ಚುರುಕಾಗುವವರಾದರೆ ತಿರುಗಿಸಿ ಹಾಕಿ. ಆದರೆ ಒಂದು ಎಚ್ಚರ ಬೇಕು. ಸತತ 17 ಗಂಟೆ ಎಚ್ಚರ ಇದ್ದವರ ಗಮನ ಮತ್ತು ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಬೆಳಿಗ್ಗೆ ಐದೂವರೆಗೆ ಎದ್ದವರಿಗೆ 17 ಗಂಟೆ ತುಂಬುವುದು ರಾತ್ರಿ ಹತ್ತೂವರೆಗೆ. ನಾನು ಆ ಫೈಲ್ ಕಳಿಸಿದ್ದು ಹತ್ತೂಮುಕ್ಕಾಲಿಗೆ. ಈಗ ಒಂಬತ್ತರ ಮೇಲೆ ಯಾವ ಫೈಲನ್ನೂ ತೆರೆಯುವುದಿಲ್ಲ, ಹತ್ತಕ್ಕೆ ಮಲಗುತ್ತೇನೆ.

ಮನೆಗೆ ಬಂದ ತಕ್ಷಣದ ಹೊತ್ತನ್ನೂ ಕಾಪಾಡಿ. ನಾನು ಮನೆ ತಲುಪೋದು 6:45ಕ್ಕೆ. ಅಲ್ಲಿಂದ 7:10ರವರೆಗೆ ಕೈಕಾಲು ತೊಳೆದು ಸ್ವಲ್ಪ ಹೊತ್ತು ಕೂರುತ್ತೇನೆ. ಮೊದಲು ಆರೂಮುಕ್ಕಾಲಿಗೆ ಬಂದು ಏಳಕ್ಕೆ ಪಾಠ ಇಟ್ಟುಕೊಂಡಿದ್ದೆ. ದಾರಿಯಲ್ಲಿ ಹತ್ತು ನಿಮಿಷ ತಡವಾದರೆ ಎದೆ ಹೊಡೆದುಕೊಳ್ಳುತ್ತಿತ್ತು. ಪಾಠದ ಮೊದಲ ಕಾಲು ಗಂಟೆ ಆಫೀಸಿನ ತಲೆನೋವಿನಲ್ಲೇ ಹೋಗುತ್ತಿತ್ತು.

ಎರಡು ಗಂಟೆ ಹೆಸರಿಲ್ಲದೆ ಇರಲಿ

ಶನಿವಾರ ಸಂಜೆ 4ರಿಂದ 6 ನನ್ನ ಪಟ್ಟಿಯಲ್ಲಿ ಖಾಲಿ ಚೌಕ. ವಾರದಲ್ಲಿ ತಪ್ಪಿದ್ದು ಅಲ್ಲಿಗೆ ಬರುತ್ತದೆ. ಸೋಮವಾರ ರಾತ್ರಿ ಮಲಗುವುದು ತಡವಾದರೆ ಮಂಗಳವಾರ ಬೆಳಿಗ್ಗೆ ಏಳುವುದಿಲ್ಲ, ಆ ಒಂದೂವರೆ ಗಂಟೆಯನ್ನು ಶನಿವಾರಕ್ಕೆ ತಳ್ಳುತ್ತೇನೆ. ಫೈಲ್ ಶುಕ್ರವಾರವೇ ಹೋಗಬೇಕಾಗಿದ್ದರೆ ಗಿರಾಕಿಗೆ ಮಂಗಳವಾರವೇ ಹೇಳಿಬಿಡುತ್ತೇನೆ. ಮಂಗಳವಾರ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗುರುವಾರ ರಾತ್ರಿ ಹೇಳಿದರೆ ಮಾಡಿಕೊಳ್ಳುತ್ತಾರೆ. ಏನೂ ತಪ್ಪದ ವಾರ ಆ ಚೌಕ ಖಾಲಿಯೇ ಇರಬೇಕು. "ಹೇಗೂ ಖಾಲಿ ಇದೆಯಲ್ಲ" ಅಂತ ಹೊಸ ಕೆಲಸ ತುಂಬಿಸಿದರೆ ಮುಂದಿನ ತಪ್ಪಿಗೆ ಜಾಗ ಇರುವುದಿಲ್ಲ.

ಇದರಿಂದ ಇನ್ನೊಂದು ಉಪಯೋಗ ಇದೆ. ತಪ್ಪಿದ ಕೆಲಸ ಅಲ್ಲಿಗೆ ಬಂದರೆ ಒಟ್ಟು 14 ದಾಟುವುದಿಲ್ಲ. ಆದರೆ 14 ಗಂಟೆ ಪೂರ್ತಿ ದುಡಿದ ಮೇಲೂ ಈ 2 ಬೇಕಾದರೆ 16, ಆಫೀಸಿನ 40 ಸೇರಿ 56. ಅಂದರೆ ಹಾಗೆ ಈ ಚೌಕ ತುಂಬಿದ ವಾರ ಆ 55ರ ಗೆರೆ ದಾಟಿದ ವಾರ. ಎಂದೋ ಒಮ್ಮೆ ಸರಿ. ಸತತ ಮೂರು ವಾರ ತುಂಬಿತು ಅಂದರೆ ನಿಮ್ಮ ಪಟ್ಟಿಯ ಅಳತೆ ತಪ್ಪಿದೆ.

ಆಫೀಸಿನಲ್ಲೇ ಬಿಸಿ ಇರುವ ವಾರಕ್ಕೆ, ಉದಾಹರಣೆಗೆ ತಿಂಗಳ ಕೊನೆಯ ಲೆಕ್ಕ, ಏನನ್ನು ಮೊದಲು ಬಿಡಬೇಕು ಅಂತ ಈಗಲೇ ಬರೆದಿಡಿ. ಸುಸ್ತಾದ ದಿನ ಆ ತೀರ್ಮಾನ ಮಾಡಲು ಆಗುವುದಿಲ್ಲ. ಆ ದಿನ ಎಲ್ಲವೂ ಮುಖ್ಯ ಅನಿಸುತ್ತದೆ. ನನ್ನದರಲ್ಲಿ ಮೊದಲು ಬೀಳುವುದು ಗುರುವಾರದ ಅನುವಾದ. ಆಮೇಲೆ ಶನಿವಾರದ ಅನುವಾದ. ಪಾಠ ಕೊನೆಗೆ, ಯಾಕಂದರೆ ಆ ಕಡೆ ಒಂದು ಮಗು ಪುಸ್ತಕ ಹಿಡಿದು ಕಾಯುತ್ತಿರುತ್ತದೆ. ನಿದ್ದೆ ಈ ಸಾಲಿನಲ್ಲೇ ಇಲ್ಲ.

ಬಳಲಿಕೆ ಹತ್ತಿರ ಬಂದದ್ದು ಹೇಗೆ ಗೊತ್ತಾಗುತ್ತದೆ

ಬರ್ನ್‌ಔಟ್ ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೂರು ಲಕ್ಷಣ ಹೇಳುತ್ತದೆ. ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಮನಸ್ಸು ದೂರವಾಗುವುದು ಅಥವಾ ಕಹಿಯಾಗುವುದು, ಮತ್ತು ಕೈಯಿಂದ ಕೆಲಸ ಸರಿಯಾಗಿ ಆಗದಿರುವುದು. ಅದು ಇದನ್ನು ಕಾಯಿಲೆ ಅಂತ ಕರೆಯುವುದಿಲ್ಲ. ತುಂಬಾ ದಿನ ನಿಭಾಯಿಸಲಾಗದೆ ಉಳಿದ ಕೆಲಸದ ಒತ್ತಡದ ಫಲ ಅನ್ನುತ್ತದೆ.

ಈ ಮೂರನ್ನೂ ಪಟ್ಟಿಯಲ್ಲೇ ಹಿಡಿಯಬಹುದು. ಮೊದಲನೆಯದಕ್ಕೆ ರಜೆಯ ದಿನದ ನಿದ್ದೆ ನೋಡಿ. ಭಾನುವಾರ ಅಲಾರಾಂ ಇಲ್ಲದೆ ಮಲಗಿದರೆ ಬೇರೆ ದಿನಕ್ಕಿಂತ ಎರಡು ಗಂಟೆ ಜಾಸ್ತಿ ನಿದ್ದೆ ಬರುತ್ತಿದ್ದರೆ ವಾರವಿಡೀ ನಿದ್ದೆ ಸಾಲ ಮಾಡಿದ್ದೀರಿ. ಎರಡನೆಯದಕ್ಕೆ ಮೆಸೇಜ್ ಸದ್ದು ಕೇಳಿ. ಮಗುವಿನ ತಾಯಿ ಕಳಿಸಿದ "ಸರ್, ನಾಳೆ ಅರ್ಧ ಗಂಟೆ ತಡವಾದ್ರೆ ಆಗುತ್ತಾ?" ಅನ್ನುವ ಸಾದಾ ಮಾತಿಗೂ ನನಗೆ ಸಿಟ್ಟು ಬರುತ್ತಿತ್ತು. ಆಕೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರನೆಯದಕ್ಕೆ ವೇಗ ಅಳೆಯಿರಿ. ಗಂಟೆಗೆ 400 ಪದ ಆಗುತ್ತಿದ್ದದ್ದು ಆ ತಿಂಗಳು 250ಕ್ಕೆ ಇಳಿದಿತ್ತು. ನಾನು ಅದಕ್ಕೆ ಇನ್ನೊಂದು ಗಂಟೆ ಸೇರಿಸಿದೆ. ವೇಗ ಮತ್ತೆ ಇಳಿಯಿತು. ವೇಗ ಇಳಿದಾಗ ಗಂಟೆ ಸೇರಿಸುವುದು ಎಲ್ಲರೂ ಮಾಡುವ ತಪ್ಪು. ಆಗ ಸೇರಿಸಬೇಕಾದದ್ದು ನಿದ್ದೆ.

ಮೂರರಲ್ಲಿ ಎರಡು ಕಂಡರೆ ಎರಡು ವಾರ ಗಡುವಿನ ಕೆಲಸವನ್ನು ಪೂರ್ತಿ ನಿಲ್ಲಿಸಿ ನೋಡಿ. ಅಷ್ಟಾದರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅದು ವೇಳಾಪಟ್ಟಿಯಿಂದ ಸರಿಹೋಗುವ ಸಂಗತಿ ಅಲ್ಲ. ವೈದ್ಯರನ್ನು ಕಾಣಿ.

ಆರನೇ ವಾರ ದುಡ್ಡಿನ ಲೆಕ್ಕ

ಆರು ವಾರ ಪಟ್ಟಿ ನಡೆಸಿದ ಮೇಲೆ ಪ್ರತಿ ಕೆಲಸದ ನಿಜವಾದ ಗಂಟೆಯ ಗಳಿಕೆ ತೆಗೆಯಿರಿ. ಒಂದು ಪಾಠಕ್ಕೆ ಫೀಸ್ 100 ಅಂತ ಇಟ್ಟುಕೊಳ್ಳಿ. ಅದು ಒಂದು ಗಂಟೆಯ ಗಳಿಕೆ ಅಲ್ಲ, 1 ಗಂಟೆ 45 ನಿಮಿಷದ್ದು. ಗಂಟೆಗೆ ಬಿದ್ದದ್ದು 57. ಅನುವಾದಕ್ಕೂ ಹೀಗೇ, ವಾರದ ಬಿಲ್ಲನ್ನು 5ರಿಂದ ಭಾಗಿಸಬೇಡಿ, 7ರಿಂದ ಭಾಗಿಸಿ. ಕಡಿಮೆ ಬಂದ ಕೆಲಸದಲ್ಲಿ ದರ ಏರಿಸಬೇಕು ಅಥವಾ ಬಾಲ ಕತ್ತರಿಸಬೇಕು. ಗಂಟೆ ಏರಿಸುವುದು ದಾರಿಯಲ್ಲ.

ನನ್ನಲ್ಲಿ ಕಡಿಮೆ ಬಂದದ್ದು ಪಾಠ. ಸೋಮವಾರ ಮತ್ತು ಶುಕ್ರವಾರದ ಮಕ್ಕಳಿಬ್ಬರೂ ಒಂದೇ ತರಗತಿ, ಒಂದೇ ಪುಸ್ತಕ. ಇಬ್ಬರ ಮನೆಯವರಿಗೂ ಫೋನ್ ಮಾಡಿ, ಜೊತೆಯಲ್ಲಿ ಕೂರಿಸಿದರೆ ಫೀಸಿನಲ್ಲಿ ಕಾಲು ಭಾಗ ಕಡಿಮೆ ಮಾಡುತ್ತೇನೆ ಅಂದೆ. ಒಬ್ಬರು ತಕ್ಷಣ ಒಪ್ಪಿದರು, ಇನ್ನೊಬ್ಬರು ಎರಡು ವಾರ ನೋಡೋಣ ಅಂದು ಆಮೇಲೆ ಒಪ್ಪಿದರು. ಈಗ ತಯಾರಿ ಒಂದೇ ಸಲ, ಪಾಠ ಒಂದೇ ಸಲ. ತಿದ್ದುವುದು ಮತ್ತು ಮೆಸೇಜ್ ಮಾತ್ರ ಇಬ್ಬರದೂ. ಮೂರೂವರೆ ಗಂಟೆಯ ಕೆಲಸ 2 ಗಂಟೆ 10 ನಿಮಿಷಕ್ಕೆ ಇಳಿಯಿತು. ಕೈಗೆ 200ರ ಬದಲು 150 ಬರುತ್ತದೆ, ಆದರೆ ಗಂಟೆಗೆ 57ರ ಬದಲು 69. ವಾರದ ಮೊತ್ತ ಸ್ವಲ್ಪ ಕಡಿಮೆಯಾದದ್ದು ನಿಜ, ಅದನ್ನು ಒಪ್ಪಿಕೊಂಡೆ. ಶುಕ್ರವಾರ ಸಂಜೆ ಪೂರ್ತಿ ಬಿಡುವಾಯಿತು. ಪಟ್ಟಿಯ ಆ ಚೌಕದಲ್ಲಿ ಇಲ್ಲಿಯವರೆಗೂ ಏನನ್ನೂ ಬರೆದಿಲ್ಲ.